ಡಂಬಳದ ತಾರೆ, ಕೋಲ್ಕತ್ತದ ಪುಸ್ತಕ ಮತ್ತು ನಮ್ಮ ‘ವಾಮಾಚಾರ’

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನಮ್ಮ ಓಣಿಯ ಮೂರು ದಾರಿ ಕೂಡುವಲ್ಲಿ ಒಂದು ಬಾಳೆ ಎಲೆ ಬಿದ್ದಿತ್ತು. ಮೇಲೆ ಕೊಯ್ದ ನಿಂಬೆಹಣ್ಣು, ಕುಂಕುಮ, ಹಿಟ್ಟಿನ ಬೊಂಬೆ. ಪಕ್ಕದ ಮನೆ ಅಜ್ಜಿ ನನ್ನನ್ನು ತಡೆದು, “ಯಾರೋ ಮಾಟಾ ಮಾಡ್ಯಾರಪಾ, ದಾಟಬ್ಯಾಡ” ಅಂದರು. ಅಷ್ಟರಲ್ಲಿ ಕಾಲೇಜಿಗೆ ಹೊರಟಿದ್ದ ಹುಡುಗನೊಬ್ಬ ಫೋಟೋ ತೆಗೆದು ‘ನಮ್ಮ ಏರಿಯಾದಲ್ಲಿ ವಾಮಾಚಾರ, ತಾಂತ್ರಿಕರ ಕೈವಾಡ’ ಅಂತ ಸ್ಟೇಟಸ್ ಹಾಕಿದ.

ಅಜ್ಜಿ ಬಳಸಿದ್ದು ಸರಿಯಾದ ಪದ. ಮಾಟ ಅನ್ನೋದು ನಮ್ಮ ಊರುಗಳಲ್ಲಿ ಎಂದಿನಿಂದಲೋ ಇರುವ ಮಾತು, ಅದರ ಅರ್ಥ ಎಲ್ಲರಿಗೂ ಗೊತ್ತು. ಹುಡುಗ ಬಳಸಿದ ಪದಗಳು ಬೇರೆ ದಾರಿಯಲ್ಲಿ ಬಂದಿವೆ. ‘ವಾಮಾಚಾರ’, ‘ತಾಂತ್ರಿಕ’ ಎರಡೂ ಹಳೆಯ ಶಾಸ್ತ್ರದ ಪದಗಳು. ಆದರೆ ಅವುಗಳಿಗೆ ಇವತ್ತು ಇರುವ ಕರಿಬಣ್ಣದಲ್ಲಿ ದೊಡ್ಡ ಪಾಲು ಬಳಿದದ್ದು 19ನೇ ಶತಮಾನದಲ್ಲಿ. ಹೇಗೆ ಅಂತ ತಿಳಿಯಲು ಕಾಶ್ಮೀರಕ್ಕೋ ಬಂಗಾಳಕ್ಕೋ ಹೋಗುವ ಮೊದಲು ಗದಗದಿಂದ ಸುಮಾರು 20 ಕಿಲೋಮೀಟರ್ ದೂರದ ಡಂಬಳಕ್ಕೆ ಹೋಗೋಣ.

ಡಂಬಳ ಅಂದರೆ ನಮಗೆ ನೆನಪಾಗುವುದು ತೋಂಟದಾರ್ಯ ಮಠ, ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಕಟ್ಟಿದ ದೊಡ್ಡಬಸಪ್ಪ ಗುಡಿ. ಆ ಊರಿಗೆ ಹಳೇ ಹೆಸರು ಧರ್ಮವೊಳಲು. 6ನೇ ವಿಕ್ರಮಾದಿತ್ಯ ಆಳುತ್ತಿದ್ದಾಗ ಆತನ ರಾಣಿ ಲಕ್ಷ್ಮಾದೇವಿ ಈ ಊರನ್ನು ನೋಡಿಕೊಳ್ಳುತ್ತಿದ್ದಳು. 1095-96ರ ಒಂದು ಕಲ್ಲಿನ ಶಾಸನ ಇಲ್ಲಿದ್ದ ಎರಡು ಬೌದ್ಧ ವಿಹಾರಗಳಿಗೆ ಕೊಟ್ಟ ದಾನವನ್ನು ಹೇಳುತ್ತದೆ. ಒಂದು ಬುದ್ಧನ ವಿಹಾರ, ಅದನ್ನು ಕಟ್ಟಿಸಿದವರು ಊರಿನ ಹದಿನಾರು ಸೆಟ್ಟಿಗಳು. ಇನ್ನೊಂದು ಆರ್ಯತಾರಾದೇವಿಯ ವಿಹಾರ. ಅದನ್ನು ಕಟ್ಟಿಸಿದವನು ಲೊಕ್ಕಿಗುಂಡಿಯ, ಅಂದರೆ ಇವತ್ತಿನ ಲಕ್ಕುಂಡಿಯ, ಸಂಗವಯ್ಯ ಎಂಬ ದೊಡ್ಡ ವ್ಯಾಪಾರಿ.

ಶಾಸನ ಶುರುವಾಗುವುದು ತಾರೆಯ ಸ್ತುತಿಯಿಂದ. ಅವಳು ಯಾವ ಯಾವ ಭಯ ಕಳೆಯುತ್ತಾಳೆ ಅಂತ ಪಟ್ಟಿ ಇದೆ: ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ನೀರು-ಕಡಲು, ಪಿಶಾಚಿ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಇದು ಯಾರ ಭಯ? ಮನೆಯಲ್ಲಿ ಕೂತವನದ್ದಲ್ಲ. ಎತ್ತಿನ ಮೇಲೆ ಸರಕು ಹೇರಿಕೊಂಡು ಕಾಡು ದಾಟಿ, ಹೊಳೆ ದಾಟಿ, ಕರಾವಳಿಯ ಬಂದರಿಗೆ ಹೋಗಿ ಬರುವವನದ್ದು. ದಾರಿಯಲ್ಲಿ ಕಳ್ಳರು, ಕಂಡವರ ರಾಜ್ಯದಲ್ಲಿ ಸಂಕೋಲೆ, ಮುಂದೆ ಕಡಲು. ಇದೇ ಎಂಟು ಭಯಗಳನ್ನು ಅಜಂತಾ, ಔರಂಗಾಬಾದಿನ ಗವಿಗಳಲ್ಲಿ ಬೋಧಿಸತ್ವ ಅವಲೋಕಿತೇಶ್ವರನ ಸುತ್ತ ಕೆತ್ತಿದ್ದಾರೆ. ಅವೂ ವ್ಯಾಪಾರದ ಹಾದಿಯ ಪಕ್ಕದ ಜಾಗಗಳೇ.

ಪಟ್ಟಿಯ ಕೊನೆಯ ಹೆಸರು ಪಿಶಾಚಿ. ಇವತ್ತಿನ ಟಿವಿ ಭಾಷೆಯಲ್ಲಿ ತಾಂತ್ರಿಕ ಅಂದರೆ ಪಿಶಾಚಿಯನ್ನು ಬಿಡುವವನು. ಡಂಬಳದ ಸೆಟ್ಟಿಗಳಿಗೆ ತಾಂತ್ರಿಕ ದೇವಿ ಅದನ್ನು ಓಡಿಸುವವಳಾಗಿದ್ದಳು.

ತಾರೆ ತಾಂತ್ರಿಕ ದೇವಿಯಾ ಅಂತ ಕೇಳಬಹುದು. ಹೌದು. ದಾನದ ಶಾಸನದಲ್ಲಿ ಪೂಜೆಯ ವಿಧಾನ ಬರೆಯುವುದಿಲ್ಲ, ಅದು ಲೆಕ್ಕಪತ್ರ ಇದ್ದ ಹಾಗೆ. ಆದರೆ ಹೆಚ್ಚುಕಡಿಮೆ ಅದೇ ಕಾಲದ ಸಾಧನ ಪಾಠಗಳು, ಅಂದರೆ ದೇವತೆಯನ್ನು ಧ್ಯಾನಿಸುವ ವಿಧಾನ ಹೇಳುವ ಬರಹಗಳು, ನಮಗೆ ಸಿಕ್ಕಿವೆ. ‘ಸಾಧನಮಾಲಾ’ ಎಂಬ ಸಂಗ್ರಹದಲ್ಲಿ ಇಂಥವು 300ಕ್ಕೂ ಜಾಸ್ತಿ ಇವೆ. ಅದರಲ್ಲಿ ಅನುಪಮರಕ್ಷಿತ ಎಂಬ ಆಚಾರ್ಯ ಬರೆದ ತಾರಾ ಸಾಧನ ಒಂದು. ಅದು ಹೀಗೆ ನಡೆಯುತ್ತದೆ.

ಸಾಧಕ ಬೆಳಿಗ್ಗೆ ಎದ್ದು ಮುಖ ತೊಳೆದು, ಮನಸ್ಸಿಗೆ ಹಿತವಾದ ಜಾಗದಲ್ಲಿ ಕೂರುತ್ತಾನೆ. ಎದೆಯೊಳಗೆ ಒಂದು ಚಂದ್ರಬಿಂಬ ಇದೆ, ಅದರ ಮೇಲೆ ‘ತಾಂ’ ಎಂಬ ಬೀಜಾಕ್ಷರ ಇದೆ ಅಂತ ಭಾವಿಸುತ್ತಾನೆ. ಆ ಅಕ್ಷರದಿಂದ ಹೊರಟ ಕಿರಣ ದಿಕ್ಕುಗಳನ್ನೆಲ್ಲ ಮುಟ್ಟಿ ಬುದ್ಧರನ್ನೂ ಬೋಧಿಸತ್ವರನ್ನೂ ತಾರೆಯನ್ನೂ ಎದುರಿನ ಆಕಾಶಕ್ಕೆ ಕರೆತರುತ್ತದೆ. ಅವರಿಗೆ ಹೂವು, ಧೂಪ, ದೀಪ ಎಲ್ಲ ಮನಸ್ಸಿನಲ್ಲೇ. ಆಮೇಲೆ ಮಾಡಿದ ತಪ್ಪುಗಳನ್ನು ಒಪ್ಪಿಕೊಳ್ಳುವುದು. ಬೇರೆಯವರ ಒಳ್ಳೆಯ ಕೆಲಸ ಕಂಡು ಖುಷಿಪಡುವುದು. ಬುದ್ಧ, ಧರ್ಮ, ಸಂಘಕ್ಕೆ ಶರಣು ಹೋಗುವುದು. ನಂತರ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕನ್ನು ಒಂದೊಂದಾಗಿ ಮನಸ್ಸಿಗೆ ತಂದುಕೊಳ್ಳುತ್ತಾನೆ. ಇಲ್ಲಿಯವರೆಗೆ ಹೊಸದೇನೂ ಇಲ್ಲ. ಇದೆಲ್ಲ ಹಳೆಯ ಬೌದ್ಧ ಸಾಧನೆಯೇ.

ತಂತ್ರದ ಗುರುತು ಸಿಗುವುದು ಮುಂದಿನ ಹೆಜ್ಜೆಯಲ್ಲಿ. ಸಾಧಕ ಎಲ್ಲವನ್ನೂ, ತನ್ನನ್ನೂ ಸೇರಿಸಿ, ಶೂನ್ಯ ಅಂತ ಕಾಣುತ್ತಾನೆ. ಆ ಶೂನ್ಯದಲ್ಲಿ ಮತ್ತೆ ಬೀಜಾಕ್ಷರ ಮೂಡುತ್ತದೆ, ಅದರಿಂದ ನೀಲಿ ನೈದಿಲೆ, ಅದರಿಂದ ಹಸಿರು ಬಣ್ಣದ ತಾರೆ. ಬಲಗೈ ವರ ಕೊಡುತ್ತಿದೆ, ಎಡಗೈಯಲ್ಲಿ ನೈದಿಲೆ ಇದೆ. ಆ ತಾರೆ ಎದುರಿಗೆ ನಿಂತಿಲ್ಲ. ಸಾಧಕನೇ ತಾರೆ. ಆ ಭಾವದಲ್ಲಿ ಇದ್ದು, ದಣಿವಾದಾಗ ಮಂತ್ರ ಜಪಿಸಿ, ಕೊನೆಗೆ ಎದ್ದು ಅದೇ ಭಾವದಲ್ಲಿ ದಿನದ ಕೆಲಸಕ್ಕೆ ಹೋಗಬೇಕು. ಇಷ್ಟೇ ಸಾಧನ. ಹೆಂಡ, ಮಾಂಸ, ಸ್ಮಶಾನ ಯಾವುದೂ ಇಲ್ಲಿ ಬರಲಿಲ್ಲ.

ದೇವರ ಎದುರು ಕೈಮುಗಿದು ನಿಲ್ಲುವುದು ಭಕ್ತಿ. ದೇವರನ್ನು ತನ್ನ ಮೈಯೊಳಗೆ ತಂದುಕೊಂಡು ಪೂಜಿಸುವುದು ತಂತ್ರ. ಇದು ಒರಟು ವ್ಯತ್ಯಾಸ, ಆದರೆ ಕೆಲಸಕ್ಕೆ ಬರುತ್ತದೆ. ನಮ್ಮ ಗುಡಿಗಳಲ್ಲಿ ಆಗಮದ ಪ್ರಕಾರ ಪೂಜೆ ಮಾಡುವ ಅರ್ಚಕರು ಮೊದಲು ಭೂತಶುದ್ಧಿ ಮಾಡುತ್ತಾರೆ, ಆಮೇಲೆ ಬೆರಳು, ಎದೆ, ತಲೆ ಮುಟ್ಟಿಕೊಂಡು ನ್ಯಾಸ ಮಾಡುತ್ತಾರೆ. ಅದೂ ಇದೇ ಕೆಲಸ: ಮೊದಲು ಈ ಮೈಯನ್ನು ಕರಗಿಸು, ಮಂತ್ರದ ಮೈ ಕಟ್ಟಿಕೋ, ಆಮೇಲೆ ಮೂರ್ತಿಯನ್ನು ಮುಟ್ಟು. ದಿನಾ ನೋಡುತ್ತೇವೆ, ಆದರೆ ಅದನ್ನು ತಂತ್ರ ಅಂತ ಕರೆಯುವುದಿಲ್ಲ. ಮಂಗಳೂರು, ಕಾಸರಗೋಡಿನ ಕಡೆ ಮಾತ್ರ ಗುಡಿಯ ದೊಡ್ಡ ಪುರೋಹಿತರಿಗೆ ಇವತ್ತಿಗೂ ‘ತಂತ್ರಿ’ ಅಂತಲೇ ಹೆಸರು.

ಹಾಗಾದರೆ ಸ್ಮಶಾನ, ಹೆಂಡ, ತಲೆಬುರುಡೆ ಎಲ್ಲಿಂದ ಬಂತು?

ಅವು ಗ್ರಂಥಗಳಲ್ಲೇ ಇವೆ. ಅದನ್ನು ಮುಚ್ಚಿಡಬಾರದು. ಶೈವರಲ್ಲಿ ಕಾಪಾಲಿಕರು, ಕೌಲರು, ಬೌದ್ಧರಲ್ಲಿ ಗುಹ್ಯಸಮಾಜ, ಹೇವಜ್ರ ತಂತ್ರಗಳನ್ನು ಹಿಡಿದವರು ಶುದ್ಧ-ಅಶುದ್ಧದ ಕಟ್ಟನ್ನೇ ಮುರಿಯುವ ಆಚರಣೆಗಳನ್ನು ಬರೆದಿದ್ದಾರೆ. ಮದ್ಯ, ಮಾಂಸ, ಮತ್ಸ್ಯ, ಮುದ್ರೆ, ಮೈಥುನ ಎಂಬ ಪಂಚಮಕಾರದ ಮಾತು ಎಲ್ಲರೂ ಕೇಳಿದ್ದೇ. ಇವೆಲ್ಲ ಬರೀ ಸಂಕೇತ, ಯಾರೂ ಮಾಡಿಯೇ ಇಲ್ಲ ಅನ್ನುವುದೂ ಸುಳ್ಳು. ಪ್ರಶ್ನೆ ಇರುವುದು ಬೇರೆ ಕಡೆ. ಸಾವಿರಾರು ಗ್ರಂಥಗಳ, ಸಾವಿರ ವರ್ಷಗಳ ಸಂಪ್ರದಾಯದ ಒಂದು ಮೂಲೆ ಇಡೀ ಮನೆಯ ಹೆಸರಾದದ್ದು ಹೇಗೆ?

ಇಲ್ಲಿ ಕೋಲ್ಕತ್ತಕ್ಕೆ ಹೋಗಬೇಕು. ಹೊರೇಸ್ ಹೇಮನ್ ವಿಲ್ಸನ್ ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದ ದೊಡ್ಡ ಸಂಸ್ಕೃತ ವಿದ್ವಾಂಸ. ಹಿಂದೂ ಪಂಥಗಳ ಬಗ್ಗೆ ಅವನ ಬರಹ ‘ಏಷಿಯಾಟಿಕ್ ರಿಸರ್ಚಸ್’ನಲ್ಲಿ 1828 ಮತ್ತು 1832ರಲ್ಲಿ ಎರಡು ಭಾಗವಾಗಿ ಬಂತು. ದೇವಿಯನ್ನು ಪೂಜಿಸುವ ಶಾಕ್ತರನ್ನು ಅವನು ದಕ್ಷಿಣ, ವಾಮ ಅಂತ ಎರಡು ಮಾಡಿದ. ವಾಮದ ಭಾಗದಲ್ಲಿ ಪಂಚಮಕಾರದ ಶ್ಲೋಕ, ಶ್ರೀಚಕ್ರದ ಪೂಜೆ ಎಲ್ಲ ಬಂತು. ಅದೇ ಜಾಗದಲ್ಲಿ ಅವನು ಇನ್ನೊಂದು ಮಾತನ್ನೂ ಬರೆದ: ಬರೀ ಸುಖಕ್ಕಾಗಿ ಇದನ್ನು ಮಾಡಿದರೆ ಈ ಪಂಥದವರೇ ಅದನ್ನು ತಪ್ಪು ಅನ್ನುತ್ತಾರೆ, ನ್ಯಾಯವಾಗಿ ಇದನ್ನೂ ಹೇಳಬೇಕು ಅಂತ. ಮುಂದಿನವರ ಕೈಯಲ್ಲಿ ಶ್ಲೋಕ ಉಳಿಯಿತು, ಈ ಸಾಲು ಉದುರಿತು. ಒಂದು ಪುಸ್ತಕದಿಂದ ಇನ್ನೊಂದಕ್ಕೆ ಎತ್ತಿ ಬರೆಯುವಾಗ ಮೊದಲು ಬಿದ್ದುಹೋಗುವುದು ಇಂಥ ‘ಆದರೆ’ಗಳೇ.

ಗ್ರಂಥಗಳಲ್ಲೂ ಆ ‘ಆದರೆ’ ಜೋರಾಗಿಯೇ ಇದೆ. ಕೌಲರ ಮುಖ್ಯ ಗ್ರಂಥ ಕುಲಾರ್ಣವ ತಂತ್ರ. ಕುಡಿದರೆ ಸಿದ್ಧಿ ಸಿಗುವುದಾದರೆ ಲೋಕದ ಕುಡುಕರೆಲ್ಲ ಸಿದ್ಧರಾಗುತ್ತಿದ್ದರು ಅಂತ ಅದು ಗೇಲಿ ಮಾಡುತ್ತದೆ. ಈ ದಾರಿಯಲ್ಲಿ ನಡೆಯುವುದಕ್ಕಿಂತ ಕತ್ತಿಯ ಅಲಗಿನ ಮೇಲೆ ನಡೆಯುವುದು, ಹುಲಿಯ ಕೊರಳು ಹಿಡಿಯುವುದು ಸುಲಭ ಅನ್ನುತ್ತದೆ. ಅದೇ ಗ್ರಂಥ ಏಳು ಆಚಾರಗಳನ್ನು ಮೆಟ್ಟಿಲಿನ ಹಾಗೆ ಜೋಡಿಸುತ್ತದೆ: ವೇದ, ವೈಷ್ಣವ, ಶೈವ, ದಕ್ಷಿಣ, ವಾಮ, ಸಿದ್ಧಾಂತ, ಕೌಲ. ವಾಮಾಚಾರ ಅಂದರೆ ಈ ಐದನೇ ಮೆಟ್ಟಿಲು. ದೀಕ್ಷೆ ಕೊಟ್ಟ ಗುರು, ಒಂದು ದೇವಿ, ಒಂದು ಮಂತ್ರ, ಒಂದು ಪಾಠ ಇಲ್ಲದೆ ಆ ಪದಕ್ಕೆ ಅರ್ಥವೇ ಇಲ್ಲ. ಮೂರು ದಾರಿಯ ನಿಂಬೆಹಣ್ಣಿಗೆ ಇದರಲ್ಲಿ ಯಾವುದೂ ಇರುವುದಿಲ್ಲ.

ಬೌದ್ಧ ತಂತ್ರಕ್ಕೆ ಆದದ್ದು ಇನ್ನೂ ವಿಚಿತ್ರ. ಕಠ್ಮಂಡುವಿನಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಬ್ರಯನ್ ಹಾಜ್ಸನ್ ಸಂಸ್ಕೃತ ಬೌದ್ಧ ಹಸ್ತಪ್ರತಿಗಳ ಕಟ್ಟುಗಳನ್ನು ಪ್ಯಾರಿಸಿಗೆ ಕಳಿಸಿದ. ಅವನ್ನು ಓದಿ ಯೂಜೀನ್ ಬುರ್ನೂಫ್ 1844ರಲ್ಲಿ ಭಾರತೀಯ ಬೌದ್ಧ ಧರ್ಮದ ಇತಿಹಾಸ ಬರೆದ. ಸೂತ್ರಗಳನ್ನು ಪ್ರೀತಿಯಿಂದ ಅನುವಾದಿಸಿದ ಆ ವಿದ್ವಾಂಸ ತಂತ್ರದ ಹತ್ತಿರ ಬಂದಾಗ, ಇಷ್ಟು ಕೀಳಾದದ್ದನ್ನು ಬರೆಯಲು ಲೇಖನಿ ಒಪ್ಪುವುದಿಲ್ಲ ಎಂಬ ಅರ್ಥದ ಮಾತು ಬರೆದು ಮುಂದೆ ಹೋದ. ಯುರೋಪಿನ ಓದುಗರಿಗೆ ಸಿಕ್ಕ ಚಿತ್ರ ಹೀಗಿತ್ತು: ಮೊದಲು ಬುದ್ಧನ ಶುದ್ಧ ನೀತಿ, ಆಮೇಲೆ ಪೂಜೆ ಪುನಸ್ಕಾರ, ಕೊನೆಗೆ ತಂತ್ರದ ಕೊಳಕು. ಈ ಅಚ್ಚು ಅವರ ಮನೆಯದ್ದೇ. ಕ್ಯಾಥೊಲಿಕ್ ಚರ್ಚು ಕ್ರಿಸ್ತನ ಮಾತನ್ನು ಕೆಡಿಸಿತು ಅಂತ ಪ್ರೊಟೆಸ್ಟೆಂಟರು ಹೇಳುತ್ತಿದ್ದ ಕಥೆಗೆ ಇಲ್ಲಿನ ಹೆಸರು ತುಂಬಿದರು. 1895ರಲ್ಲಿ ಟಿಬೆಟಿನ ಬೌದ್ಧ ಧರ್ಮದ ಮೇಲೆ ಪುಸ್ತಕ ಬರೆದ ವ್ಯಾಡೆಲ್ ಅದನ್ನು ದೆವ್ವದ ಪೂಜೆ ಅನ್ನುವವರೆಗೂ ಹೋದ.

ಬಿಳಿಯರ ಮೇಲೆ ಮಾತ್ರ ತಪ್ಪು ಹೊರಿಸಿದರೆ ಕಥೆ ಅರ್ಧ ಆಗುತ್ತದೆ. 1882ರಲ್ಲಿ ನೇಪಾಳದ ಬೌದ್ಧ ಹಸ್ತಪ್ರತಿಗಳ ವಿವರಪಟ್ಟಿ ಮಾಡಿದವರು ಬಂಗಾಳದ ರಾಜೇಂದ್ರಲಾಲ್ ಮಿತ್ರ, ನಮ್ಮ ದೇಶದ ಮೊದಲ ಸಾಲಿನ ವಿದ್ವಾಂಸರಲ್ಲಿ ಒಬ್ಬರು. ಗುಹ್ಯಸಮಾಜವನ್ನು ಓದಿ ಅವರು ಎಷ್ಟು ಬೆಚ್ಚಿದರೆಂದರೆ, ಲಂಡನ್ನಿನ ಹಾಲಿವೆಲ್ ಬೀದಿಯ ಅಶ್ಲೀಲ ಪುಸ್ತಕಗಳೂ ಇದರ ಮುಂದೆ ಶುದ್ಧವಾಗಿ ಕಾಣುತ್ತವೆ ಎಂದು ಬರೆದರು. ಇಂಗ್ಲಿಷ್ ಕಲಿತ ಬಂಗಾಳಿ ವಿದ್ವಾಂಸನಿಗೆ ಭಾರತದ ಗ್ರಂಥವನ್ನು ಅಳೆಯಲು ಹೊಳೆದದ್ದು ಲಂಡನ್ನಿನ ಬೀದಿ! ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಯಾವ ಕೋಲಿನಿಂದ ಅಳೆಯುತ್ತೇವೆ ಅನ್ನುವುದೇ ಇಲ್ಲಿನ ವಿಷಯ.

ಅದೇ ಗುಹ್ಯಸಮಾಜವನ್ನು ಇವತ್ತೂ ಗಂಭೀರವಾಗಿ ಓದುವ ಜಾಗ ಹುಬ್ಬಳ್ಳಿಯಿಂದ ಒಂದೂವರೆ ತಾಸಿನ ದಾರಿ. ಚಳಿಗಾಲದಲ್ಲಿ ನಮಗೆ ಸ್ವೆಟರ್ ಮಾರುವವರ, ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ಕೆಂಪು ಬಟ್ಟೆಯಲ್ಲಿ ಕಾಣುವ ಸನ್ಯಾಸಿಗಳ ಊರು ಮುಂಡಗೋಡ. 1966ರಿಂದ ಅಲ್ಲಿ ಟಿಬೆಟಿಯನ್ನರ ನೆಲೆ ಇದೆ. ಲಾಸಾದ ಹತ್ತಿರ 1409ರಲ್ಲಿ ಶುರುವಾದ ಗಾಂದೆನ್ ಮತ್ತು 1416ರ ದ್ರೆಪುಂಗ್ ಮಠಗಳನ್ನು ಅಲ್ಲಿ ಮತ್ತೆ ಕಟ್ಟಿದ್ದಾರೆ. ಆ ಸಂಪ್ರದಾಯಕ್ಕೆ ಗುಹ್ಯಸಮಾಜ ಮುಖ್ಯ ತಂತ್ರಗಳಲ್ಲಿ ಒಂದು. ಅದನ್ನು ಓದುವವರು ಬ್ರಹ್ಮಚಾರಿ ಭಿಕ್ಷುಗಳು. ಮೊದಲು ವರ್ಷಗಟ್ಟಲೆ ತರ್ಕ, ಮಾಧ್ಯಮಿಕ, ವಿನಯ ಎಲ್ಲ ವಾದ ಮಾಡುತ್ತಾ ಕಲಿಯಬೇಕು. ಅದಾದ ಮೇಲೆ ತಂತ್ರ.

ಕೊಲ್ಲು, ಸುಳ್ಳು ಹೇಳು ಎಂಬಂಥ ಸಾಲುಗಳಿರುವ ಪಾಠವನ್ನು ಭಿಕ್ಷುಗಳು ಓದುವುದು ಹೇಗೆ? ಅದಕ್ಕೆ ಒಂದು ಕೀಲಿಕೈ ಇದೆ. ಚಂದ್ರಕೀರ್ತಿಯ ಹೆಸರಿನಲ್ಲಿರುವ ಪ್ರದೀಪೋದ್ಯೋತನ ಎಂಬ ವ್ಯಾಖ್ಯಾನ, ಒಂದೊಂದು ಸಾಲನ್ನು ಯಾವ ಬಗೆಯಲ್ಲಿ ಓದಬೇಕು ಅಂತ ಆರು ವಿಧ ಹೇಳುತ್ತದೆ. ಕೆಲವು ಸಾಲು ಇದ್ದ ಹಾಗೆಯೇ ಹೇಳಿದ್ದು, ಕೆಲವನ್ನು ಬಿಡಿಸಿ ಅರ್ಥ ಮಾಡಬೇಕು, ಕೆಲವು ಬೇಕೆಂದೇ ತಲೆಕೆಳಗಾಗಿ ಹೇಳಿದ್ದು. ನಮಗೆ ಇದು ಹೊಸದಲ್ಲ, ಅಲ್ವಾ? ಅಲ್ಲಮನ ಬೆಡಗಿನ ವಚನವನ್ನು ಇದ್ದದ್ದು ಇದ್ದ ಹಾಗೆ ಓದಿದರೆ ಏನಾಗುತ್ತದೆ ಅಂತ ನಮಗೆ ಗೊತ್ತು. ವ್ಯಾಖ್ಯಾನ ಇಟ್ಟುಕೊಂಡು ಓದಬೇಕಾದ ಪಾಠವನ್ನು ಬುರ್ನೂಫ್, ಮಿತ್ರ ಇಬ್ಬರೂ ಗುರುವಿನ ಬಾಯಿಂದ ಕೇಳದೆ ಓದಿದರು.

ಆದರೆ ವ್ಯಾಖ್ಯಾನ ಮೂಲಕ್ಕಿಂತ ಆಮೇಲೆ ಬಂದದ್ದು. ಒರಟಾಗಿದ್ದ ಹಳೆಯ ಆಚರಣೆಯನ್ನು ಮಠದೊಳಗೆ ತರಲು ಭಿಕ್ಷುಗಳು ಹೀಗೆ ಪಳಗಿಸಿದರು ಅನ್ನುವ ವಿದ್ವಾಂಸರಿದ್ದಾರೆ. ಮೊದಲಿನಿಂದಲೂ ಅದು ಸಂಕೇತದ ಭಾಷೆಯೇ ಅನ್ನುವವರೂ ಇದ್ದಾರೆ. ನನಗೆ ಎರಡೂ ಸ್ವಲ್ಪ ಸ್ವಲ್ಪ ಸರಿ ಅನ್ನಿಸುತ್ತದೆ. ಒಂದೇ ಗ್ರಂಥವನ್ನು ಒಂದು ಕಾಲದಲ್ಲಿ ಒಂದು ಗುಂಪು ಮಾಡಿ ನೋಡಿರಬಹುದು, ಇನ್ನೊಂದು ಗುಂಪು ಧ್ಯಾನದಲ್ಲಿ ಮಾತ್ರ ಮಾಡಿರಬಹುದು.

ಡಂಬಳಕ್ಕೂ ಮುಂಡಗೋಡಕ್ಕೂ ಒಂದು ದಾರ ಇದೆ. ಬಂಗಾಳದ ಬೌದ್ಧ ಆಚಾರ್ಯ ಅತೀಶ 1042ರಲ್ಲಿ ಟಿಬೆಟ್ ಮುಟ್ಟಿದ. ಅವನು ತಾರೆಯ ದೊಡ್ಡ ಭಕ್ತ, ತಾರಾ ಸಾಧನಗಳನ್ನು ಅಲ್ಲಿಗೆ ತೆಗೆದುಕೊಂಡು ಹೋದವರಲ್ಲಿ ಒಬ್ಬ. ಗಾಂದೆನ್, ದ್ರೆಪುಂಗಿನವರು ತಮ್ಮ ಪರಂಪರೆಯನ್ನು ಅವನವರೆಗೆ ಎಣಿಸುತ್ತಾರೆ. ಅವನು ಹೋಗಿ ಐವತ್ತು ಚಿಲ್ಲರೆ ವರ್ಷಕ್ಕೆ ಡಂಬಳದ ಶಾಸನ. ಇಲ್ಲಿ ತಾರೆಯ ವಿಹಾರ ಹೋಯಿತು, ಸೆಟ್ಟಿಗಳ ಮಕ್ಕಳು ಬೇರೆ ದೇವರಿಗೆ ನಡೆದುಕೊಂಡರು. ಹಿಮಾಲಯ ಸುತ್ತಿ ಅದೇ ದೇವಿಯ ಮಂತ್ರ ಒಂಬತ್ತು ಶತಮಾನದ ಮೇಲೆ ಮುಂಡಗೋಡಕ್ಕೆ ಬಂತು.

ಈಗ ಶೈವರ ಕಡೆ ನೋಡೋಣ, ಇದೂ ನಮ್ಮ ಮನೆ ಮುಂದಿನದ್ದೇ. ಗದಗದ ತ್ರಿಕೂಟೇಶ್ವರ ಗುಡಿ ಕಾಳಾಮುಖರು ಎಂಬ ಶೈವ ಪಂಥದವರ ಕೈಯಲ್ಲಿತ್ತು. 1192ರ ಶಾಸನದಲ್ಲಿ ಹೊಯ್ಸಳ ವೀರಬಲ್ಲಾಳ ದಾನ ಕೊಟ್ಟಾಗ ಅಲ್ಲಿದ್ದ ಆಚಾರ್ಯರು ಸಿದ್ಧಾಂತಿ ಚಂದ್ರಭೂಷಣ ಪಂಡಿತದೇವ. ಅವರಿಗೆ ‘ಸತ್ಯವಾಕ್ಯ’ ಎಂಬ ಇನ್ನೊಂದು ಹೆಸರೂ ಇತ್ತು. ಸೂಡಿ, ಅಬ್ಬಲೂರು, ಹೀಗೆ ಗದಗ ಹಾವೇರಿಯ ಎಷ್ಟೋ ಊರುಗಳ ಶಾಸನಗಳಲ್ಲಿ ಈ ಪಂಥದವರು ಸಿಗುತ್ತಾರೆ. ಇದೇ ಪಂಥದ ದೊಡ್ಡ ಮಠ ಹಿರೇಕೆರೂರಿನ ಆಚೆ ಬಳ್ಳಿಗಾವೆಯ ಕೋಡಿಯ ಮಠ. 1162ರ ಅಲ್ಲಿನ ಶಾಸನ ಓದಿದರೆ ಒಂದು ವಿಶ್ವವಿದ್ಯಾಲಯದ ಮಾಹಿತಿ ಪುಸ್ತಕ ಓದಿದ ಹಾಗಾಗುತ್ತದೆ. ನಾಲ್ಕು ವೇದ, ಹಲವು ವ್ಯಾಕರಣ ಪದ್ಧತಿಗಳು, ಆರು ದರ್ಶನ, ಲಾಕುಳ ಸಿದ್ಧಾಂತ, ಪತಂಜಲಿಯ ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕ. ಬಡವರಿಗೆ, ಕುರುಡರಿಗೆ, ಕುಂಟರಿಗೆ ಊಟ. ರೋಗಿಗಳಿಗೆ ಔಷಧ.

ಈಗ ಕಾಳಾಮುಖರ ಬಗ್ಗೆ ಯಾವುದಾದರೂ ಹಳೆಯ ಇತಿಹಾಸ ಪುಸ್ತಕ ತೆರೆಯಿರಿ. ತಲೆಬುರುಡೆಯಲ್ಲಿ ಉಣ್ಣುವವರು, ಹೆಣದ ಬೂದಿ ಬಳಿದುಕೊಳ್ಳುವವರು, ಅದನ್ನೇ ತಿನ್ನುವವರು, ಹೆಂಡದ ಕೊಡದಲ್ಲಿ ದೇವರನ್ನು ಪೂಜಿಸುವವರು. ಈ ಪಟ್ಟಿ ಬಂದದ್ದು ರಾಮಾನುಜರ ಶ್ರೀಭಾಷ್ಯದಿಂದ, ಅವರಿಗಿಂತ ಮೊದಲು ಯಾಮುನಾಚಾರ್ಯರ ಬರಹದಿಂದ. ಅಂದರೆ ಎದುರು ಪಕ್ಷದ ಬಾಯಿಂದ. 1913ರಲ್ಲಿ ಶೈವ ವೈಷ್ಣವ ಪಂಥಗಳ ಮೇಲೆ ಬರೆದ ಆರ್. ಜಿ. ಭಂಡಾರ್ಕರ್ ಅವರೂ ಅದನ್ನೇ ಮುಂದಿಟ್ಟರು. ಎಲೆಕ್ಷನ್ನಿನಲ್ಲಿ ಒಬ್ಬ ಅಭ್ಯರ್ಥಿಯ ಬಗ್ಗೆ ಇನ್ನೊಬ್ಬ ಅಭ್ಯರ್ಥಿ ಹೇಳಿದ್ದನ್ನೇ ಅವನ ಜೀವನಚರಿತ್ರೆ ಅಂತ ಅಚ್ಚು ಹಾಕಿದ ಹಾಗೆ. 1972ರಲ್ಲಿ ಡೇವಿಡ್ ಲೊರೆಂಜೆನ್ ಕರ್ನಾಟಕದ ಶಾಸನಗಳನ್ನು ಗುಡ್ಡೆ ಹಾಕಿಕೊಂಡು ಕೂತ ಮೇಲೆ, ಕಾಪಾಲಿಕರನ್ನೂ ಕಾಳಾಮುಖರನ್ನೂ ಒಂದೇ ಮಾಡಿದ್ದು ತಪ್ಪು ಅಂತ ಸ್ಪಷ್ಟವಾಯಿತು.

ಇಷ್ಟೆಲ್ಲ ಶಾಸನಗಳು ಆಗ ಗೊತ್ತೇ ಇರಲಿಲ್ಲವಾ? ಗೊತ್ತಿತ್ತು. ಡಂಬಳದ ಶಾಸನವನ್ನು 1881ರಲ್ಲೇ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿದವನು ಜೆ. ಎಫ್. ಫ್ಲೀಟ್. ಅವನೂ ಬ್ರಿಟಿಷ್ ಅಧಿಕಾರಿಯೇ. ಕನ್ನಡ ಕಲಿತು, ನಮ್ಮ ಲಾವಣಿಗಳನ್ನು ಬರೆದುಕೊಂಡು, ಹಳ್ಳಿ ಹಳ್ಳಿಯ ಕಲ್ಲು ಓದಿಸಿದವನು. ಅವನಿಂದ ನಮಗಾದ ಉಪಕಾರ ಸಣ್ಣದಲ್ಲ. ಆದರೆ ಕಲ್ಲುಗಳಿಂದ ಅವನಿಗೆ ಬೇಕಾದದ್ದು ರಾಜರ ಹೆಸರು, ತಾರೀಖು, ವಂಶಾವಳಿ. ಅವನ 1882ರ ಪುಸ್ತಕದ ವಿಷಯವೇ ಕನ್ನಡ ಜಿಲ್ಲೆಗಳ ರಾಜಮನೆತನಗಳು. ಕೆಲಸ ಹೀಗೆ ಪಾಲಾಯಿತು: ಕಲ್ಲಿನಿಂದ ರಾಜರ ಇತಿಹಾಸ, ಪುಸ್ತಕದಿಂದ ಧರ್ಮದ ಇತಿಹಾಸ. ಯಾವ ಸೆಟ್ಟಿ ಯಾವ ದೇವಿಗೆ ಯಾಕೆ ನಡೆದುಕೊಂಡ ಅನ್ನುವ ಸಾಕ್ಷಿ ಕಲ್ಲಿನಲ್ಲಿತ್ತು. ತಂತ್ರ ಅಂದರೆ ಏನು ಅಂತ ತೀರ್ಮಾನ ಮಾಡುವವರು ಕೋಲ್ಕತ್ತ, ಪ್ಯಾರಿಸಿನಲ್ಲಿ ಪುಸ್ತಕದ ಮುಂದೆ ಕೂತಿದ್ದರು. ವಿರೂಪ ಹುಟ್ಟಿದ್ದು ಸುಳ್ಳಿನಿಂದ ಅನ್ನುವುದಕ್ಕಿಂತ ಈ ಪಾಲಿನಿಂದ ಅಂತ ನನ್ನ ಅಭಿಪ್ರಾಯ.

ತೂಕ ಇನ್ನೊಂದು ಕಡೆಗೂ ವಾಲಿತು. ಕೋಲ್ಕತ್ತದ ಹೈಕೋರ್ಟ್ ನ್ಯಾಯಮೂರ್ತಿ ಜಾನ್ ವುಡ್ರೋಫ್ ಅವರು ‘ಆರ್ಥರ್ ಅವಲೋನ್’ ಎಂಬ ಹೆಸರಿನಲ್ಲಿ 1913ರಿಂದ ತಂತ್ರಗ್ರಂಥಗಳನ್ನು ಹೊರತಂದರು. ವಕೀಲರು ಕಕ್ಷಿದಾರನ ಪರ ವಾದಿಸಿದ ಹಾಗೆ, ತಂತ್ರವೆಂದರೆ ಶುದ್ಧ ವೇದಾಂತ ಎಂದು ತೋರಿಸಿದರು. ಮೊದಲು ಆರಿಸಿಕೊಂಡದ್ದು ಮಹಾನಿರ್ವಾಣ ತಂತ್ರ, ತುಂಬಾ ಸಭ್ಯ ಗ್ರಂಥ. ಹಲವು ವಿದ್ವಾಂಸರು ಅದನ್ನು 18ನೇ ಶತಮಾನದ ಕೊನೆಯದ್ದು ಅನ್ನುತ್ತಾರೆ, ಅಂದರೆ ಕಂಪನಿ ಆಳ್ವಿಕೆ ಬಂದ ಮೇಲಿನದ್ದು. ವಿಲ್ಸನ್ ಒಂದು ತುದಿ ಹಿಡಿದರೆ ವುಡ್ರೋಫ್ ಇನ್ನೊಂದು. ನಡುವಿನ ಡಂಬಳ ಇಬ್ಬರಿಗೂ ಕಾಣಲಿಲ್ಲ.

ಮಾಟದ ಮಾತು ಹಾಗಾದರೆ? ತಂತ್ರಗ್ರಂಥಗಳಲ್ಲಿ ಷಟ್ಕರ್ಮ ಅಂತ ಒಂದು ವಿಭಾಗ ಇದೆ: ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ. ಕೊನೆಯ ಮೂರು ಜಗಳ ಹಚ್ಚುವುದು, ಊರು ಬಿಡಿಸುವುದು, ಕೊಲ್ಲುವುದು. ಇದನ್ನು ಇಲ್ಲ ಅನ್ನಲಾಗದು. ಆದರೆ ಇದು ವಾಮದವರ ಸೊತ್ತೇನೂ ಅಲ್ಲ. ಅಥರ್ವವೇದದಲ್ಲೂ ಶತ್ರುವಿನ ಮೇಲೆ ಮಾಡುವ ಅಭಿಚಾರ ಇದೆ. ಇನ್ನೂ ಮಜಾ ಎಂದರೆ, ವಶ್ಯ ಸ್ತಂಭನಗಳ ಭೈರವ ಪದ್ಮಾವತೀ ಕಲ್ಪ ಬರೆದವರು ಜೈನ ಮುನಿ ಮಲ್ಲಿಷೇಣರು. ಅವರು ತಮ್ಮ ಮಹಾಪುರಾಣವನ್ನು 1047ರಲ್ಲಿ ಮುಗಿಸಿದ್ದು ಗದಗದ ಹತ್ತಿರದ ಮುಳಗುಂದದಲ್ಲಿ. ಹೆಂಡ ಮುಟ್ಟದ, ಮಾಂಸ ಮುಟ್ಟದ ದೊಡ್ಡ ಪಂಡಿತರು. ಹಿಂಸೆ ಬೇಡ ಅನ್ನುವ ಧರ್ಮದ ಮುನಿ, ಷಟ್ಕರ್ಮದ ಪುಸ್ತಕ: ವಿಲ್ಸನ್ನನ ಎಡ-ಬಲದ ಕಪಾಟಿನಲ್ಲಿ ಇವರನ್ನು ಎಲ್ಲಿ ಇಡುತ್ತೀರಿ?

ಈ ಪದದ ಗೊಂದಲ ಈಗ ಕಾನೂನಿಗೂ ಬಂದಿದೆ. ಮೌಢ್ಯ ತಡೆಯಲು ಕರ್ನಾಟಕ 2017ರಲ್ಲಿ ಒಂದು ಕಾಯ್ದೆ ಮಾಡಿತು, ಅದು 2020ರಲ್ಲಿ ಜಾರಿಗೆ ಬಂತು. ಇಂಗ್ಲಿಷ್ ಹೆಸರಿನಲ್ಲಿ ‘ಬ್ಲ್ಯಾಕ್ ಮ್ಯಾಜಿಕ್’ ಇದ್ದ ಜಾಗದಲ್ಲಿ ಕನ್ನಡದಲ್ಲಿ ‘ವಾಮಾಚಾರ’ ಇದೆ. ಕಾಯ್ದೆ ಬೇಕಾದದ್ದೇ. ನಿಧಿಯ ಆಸೆಗೆ ಬಲಿ ಕೊಡುವುದು, ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಸಿಡಿ, ಬೆತ್ತಲೆ ಸೇವೆ, ಇವನ್ನು ತಡೆಯಲೇಬೇಕು. ಆದರೆ ಇವುಗಳಲ್ಲಿ ಯಾವುದೂ ಕುಲಾರ್ಣವದ ಐದನೇ ಮೆಟ್ಟಿಲಲ್ಲ. ಕೆಲವು ಜಾತ್ರೆಯ ಹರಕೆಗಳು, ಕೆಲವು ಶುದ್ಧ ಅಪರಾಧ.

ಹಳೇ ಗುಡಿಯಲ್ಲಿ ನಂದಿಯ ಬುಡ ಅಗೆದ ಸುದ್ದಿ ಬಂದಾಗ ಇದರ ಪರಿಣಾಮ ಕಾಣುತ್ತದೆ. ಹೆಡ್‌ಲೈನಿನಲ್ಲಿ ‘ವಾಮಾಚಾರ’ ಅಂತ ಬಂದ ಕೂಡಲೇ ಜನ ಕುಂಕುಮ, ನಿಂಬೆಹಣ್ಣಿನ ಫೋಟೋ ನೋಡುತ್ತಾರೆ. ಯಾರು ಅಗೆದರು, ಕಲ್ಲು ಎಲ್ಲಿ ಹೋಯಿತು, ಮುರಿದ ಶಾಸನ ಯಾವುದು ಅಂತ ಕೇಳುವವರು ಕಡಿಮೆ. ನಿಂಬೆಹಣ್ಣು ಅಲ್ಲಿಟ್ಟವನಿಗೆ ದೀಕ್ಷೆ ಕೊಟ್ಟ ಗುರು ಯಾರು, ದೇವಿ ಯಾರು, ಪಾಠ ಯಾವುದು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಅವನ ಹತ್ತಿರ ಇರುವುದು ಹಾರೆ, ಗುದ್ದಲಿ.

ನಮ್ಮ ಓಣಿಯ ಬಾಳೆ ಎಲೆಯನ್ನು ಪೌರಕಾರ್ಮಿಕರ ಗಾಡಿ ಬರುವ ಮೊದಲೇ ಒಂದು ಆಕಳು ತಿಂದು ಮುಗಿಸಿತು, ನಿಂಬೆಹಣ್ಣು ಬಿಟ್ಟು. ಅಜ್ಜಿ ಆಕಳಿಗೆ ಏನಾದರೂ ಆದೀತು ಅಂತ ಎರಡು ದಿನ ಕಾದು ನೋಡಿದರು. ಹುಡುಗನ ಸ್ಟೇಟಸ್ ಒಂದೇ ದಿನಕ್ಕೆ ಹೋಗಿತ್ತು.